ಅಸಿಸ್ಟೆಂಟ್‌ಶಿಪ್‌ಗೆ ಬರಲು ಆಗುತ್ತಿಲ್ಲ ಸರ್

ಸರ್, ನಮಸ್ಕಾರ.

ಸುತ್ತಿ ಬಳಸಿ ಹೇಳಿದರೆ ನಿಮಗೆ ಸಿಟ್ಟು ಬರುತ್ತದೆ ಅಂತ ಗೊತ್ತು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ವಿಭಾಗದವರು ಕೊಟ್ಟ ಟೀಚಿಂಗ್ ಅಸಿಸ್ಟೆಂಟ್‌ಶಿಪ್ ನಾನು ತಗೊಳ್ಳುತ್ತಿಲ್ಲ. ಜಾರ್ಜಿಯಾದ ಒಂದು ಲ್ಯಾಬಿನಲ್ಲಿ ರಿಸರ್ಚ್ ಅಸಿಸ್ಟೆಂಟ್‌ಶಿಪ್ ಸಿಕ್ಕಿದೆ, ನಿನ್ನೆ ರಾತ್ರಿ ಅದಕ್ಕೆ ಒಪ್ಪಿಗೆ ಕಳಿಸಿದೆ.

ಬೆಳಿಗ್ಗೆ ಎದ್ದು ಮೊದಲು ಬರೆಯುತ್ತಿರುವುದು ನಿಮಗೇ. ಅಲ್ಲಿ ಹೂಂ ಅನ್ನುವ ಮೊದಲೇ ನಿಮಗೊಂದು ಮಾತು ತಿಳಿಸಬೇಕಿತ್ತು, ಅದು ನಿಜ. ಆದರೆ ಅವರ ಪತ್ರ ಕೈಗೆ ಬರುವವರೆಗೆ ನಿಮ್ಮದನ್ನು ಬಿಡುವ ಧೈರ್ಯ ನನಗಿರಲಿಲ್ಲ, ಪತ್ರ ಬಂದ ಮೇಲೆ ನಿಮಗೆ ಹೇಳಿದ್ದರೆ ನೀವು ನಮ್ಮಲ್ಲೂ ಏನಾದರೂ ಮಾಡೋಣ ತಡಿ ಅಂತ ಓಡಾಡುತ್ತಿದ್ದಿರಿ, ಆಗ ಎರಡು ಕಡೆ ಚೌಕಾಸಿ ಮಾಡಿದ ಹಾಗಾಗುತ್ತಿತ್ತು. ಅದು ಬೇಡ ಅನಿಸಿತು. ಈ ಪತ್ರವೂ ಜಾಸ್ತಿ ಕೊಡಿಸಿ ಅಂತ ಕೇಳುವುದಕ್ಕೆ ಬರೆದದ್ದಲ್ಲ ಸರ್. ನಿರ್ಧಾರ ಆಗಿಹೋಗಿದೆ.

ಇನ್ನೊಂದು ಮಾತು ಇದಕ್ಕಿಂತ ಕಷ್ಟದ್ದು. ಫೆಬ್ರುವರಿಯಲ್ಲಿ ವಿಡಿಯೋ ಕಾಲ್‌ನಲ್ಲಿ ನೀವು "ಬರ್ತೀಯಲ್ಲಾ ಮತ್ತ?" ಅಂದಾಗ ನಾನು "ಹೂಂ ಸರ್, ಬರ್ತೀನಿ" ಅಂದಿದ್ದೆ. ಸಹಿ ಮಾಡಿರಲಿಲ್ಲ, ಪೋರ್ಟಲ್‌ನಲ್ಲೂ ಏನೂ ಒತ್ತಿರಲಿಲ್ಲ, ಹಾಗಾಗಿ ಕಾಗದದ ಮಟ್ಟಿಗೆ ನಾನು ಎಲ್ಲೂ ಸಿಕ್ಕಿಹಾಕಿಕೊಂಡಿಲ್ಲ. ಆದರೆ ನಮ್ಮ ಕಡೆ ಮಾತು ಅಂದರೆ ಮಾತೇ ಅಲ್ವಾ, ಗದಗಿನವರಾದ ನಿಮಗೆ ಅದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಆವತ್ತು ನಾನು ಸುಳ್ಳು ಹೇಳಿರಲಿಲ್ಲ. ಆಗ ಕೈಯಲ್ಲಿದ್ದದ್ದು ನಿಮ್ಮದೊಂದೇ, ಬರುವ ಮನಸ್ಸೂ ಇತ್ತು. ಜಾರ್ಜಿಯಾದವರು ಜನವರಿಯಲ್ಲಿ ಇಂಟರ್ವ್ಯೂ ಮಾಡಿ ಸುಮ್ಮನಾಗಿದ್ದರು, ಅದು ಮುಗಿದ ಕಥೆ ಅಂತಲೇ ತಿಳಿದಿದ್ದೆ. ಮಾರ್ಚ್ ಕೊನೆಗೆ ಅವರ ಮೇಲ್ ಬಂತು. ಹಾಗಿದ್ದರೂ ಆವತ್ತು "ಇನ್ನೂ ಒಂದು ಕಡೆ ನೋಡ್ತಿದ್ದೀನಿ ಸರ್" ಅಂತ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ತಪ್ಪು ನನ್ನದು.

ಕಾರಣ ಏನು ಅಂತ ನೀವು ಕೇಳಿಯೇ ಕೇಳುತ್ತೀರಿ. ಎರಡಿವೆ. ಒಂದು ದುಡ್ಡು, ಒಂದು ಹುಳ.

ದುಡ್ಡಿನದು ತಿಂಗಳಿಗೆ ಎಷ್ಟು ಅನ್ನುವ ಪ್ರಶ್ನೆಯೇ ಅಲ್ಲ, ಅದರಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ. ನಿಮ್ಮಲ್ಲಿಯದು 9 ತಿಂಗಳದ್ದು, ವರ್ಷ ವರ್ಷ ಮುಂದುವರಿಸಬೇಕು, ಬೇಸಿಗೆಯಲ್ಲಿ ಏನಾಗುತ್ತದೋ ಗೊತ್ತಿಲ್ಲ. ಎಫ್-1 ವೀಸಾದಲ್ಲಿ ಹೊರಗೆ ಹೋಗಿ ಏನೋ ಒಂದು ಕೆಲಸ ಹಿಡಿಯುತ್ತೇನೆ ಅನ್ನುವ ಹಾಗೂ ಇಲ್ಲ. ಟ್ಯೂಷನ್ ಮಾಫಿ ಇದ್ದರೂ ಉಳಿದ ಫೀ ಮತ್ತು ಇನ್ಶೂರೆನ್ಸ್‌ನ ಅರ್ಧ ನಮ್ಮ ಮೇಲೇ ಬರುತ್ತಿತ್ತು. ಮೂರು ಬೇಸಿಗೆ, ಫೀ, ವಿಮಾನ, ಮೊದಲ ತಿಂಗಳ ಬಾಡಿಗೆ, ಡಿಪಾಸಿಟ್, ಎಲ್ಲ ಸೇರಿಸಿ ಅಪ್ಪನೂ ನಾನೂ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆವು. ಸಾಲ ಏಳೂವರೆ ಲಕ್ಷ ದಾಟುತ್ತದೆ. ಅದು ದಾಟಿದರೆ ಬ್ಯಾಂಕಿನವರು ಅಡ ಕೇಳುತ್ತಾರೆ. ಹೊಲದ ಉತಾರ ತೋರಿಸಿದೆವು, ಸಾಗುವಳಿ ಜಮೀನು ನಡೆಯುವುದಿಲ್ಲ ಅಂದರು. ಉಳಿದದ್ದು ಹಾವೇರಿಯಲ್ಲಿರುವ ಅಜ್ಜನ ಮನೆ, ಅದರಲ್ಲಿ ಕಾಕಾನ ಪಾಲೂ ಇದೆ. ಅಪ್ಪ ಆಗಲಿ ಅಂದ. ಕಾಕಾನೂ ಬೇಡ ಅನ್ನಲಿಲ್ಲ. ಆದರೆ ಸಹಿ ಹಾಕುತ್ತೇನೆ ಅಂದ ಮೇಲೆ ಕಾಕೂ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ ಸರ್, ಅವರ ಮಗಳ ಮದುವೆ ಮುಂದಿದೆ. ನಾನು ಅಲ್ಲಿ ಕೂತು ಓದುತ್ತಿದ್ದರೂ ತಲೆ ಇಲ್ಲೇ ಇರುತ್ತಿತ್ತು.

ಜಾರ್ಜಿಯಾದವರದು 12 ತಿಂಗಳದ್ದು, ಇನ್ಶೂರೆನ್ಸ್ ಫೀ ಎಲ್ಲ ಅವರದೇ, ನಾಲ್ಕು ವರ್ಷಕ್ಕೆ ಬರೆದುಕೊಟ್ಟಿದ್ದಾರೆ. ಟಿಕೆಟ್ಟಿಗೂ ಮೊದಲ ಎರಡು ತಿಂಗಳಿಗೂ ಸಣ್ಣ ಸಾಲ ಸಾಕು. ಮನೆ ಪತ್ರ ತಿಜೋರಿಯಲ್ಲೇ ಉಳಿಯುತ್ತದೆ.

ಇನ್ನು ಹುಳ. ನನಗೆ ಥ್ರಿಪ್ಸ್ ಬಿಟ್ಟರೆ ಬೇರೆ ಮಾತಿಲ್ಲ ಅಂತ ನೀವೇ ತಮಾಷೆ ಮಾಡುತ್ತಿದ್ದಿರಿ. 2021ರಲ್ಲಿ ಆ ಕರಿ ಥ್ರಿಪ್ಸ್ ಹೂವಿನೊಳಗೆ ಸೇರಿಕೊಂಡು ಗಿಡಕ್ಕೆ ಗಿಡವೇ ಕಾಯಿ ಕಟ್ಟದೆ ನಿಂತದ್ದನ್ನು ನಮ್ಮ ಮೆಣಸಿನಕಾಯಿ ಹೊಲದಲ್ಲೇ ನೋಡಿದವಳು ನಾನು. ಅಪ್ಪ ವಾರಕ್ಕೆರಡು ಸಲ ಗಿಡಕ್ಕೆ ಹುಳ ಸಾಯಿಸುವ ಎಣ್ಣೆ ಹೊಡೆದ, ಎಣ್ಣೆ ಅಂಗಡಿಯವನ ಬಾಕಿ ಏರಿತು, ಹುಳ ಮಾತ್ರ ಜಗ್ಗಲಿಲ್ಲ. ಜಾರ್ಜಿಯಾದಲ್ಲಿ ಶೇಂಗಾಕ್ಕೆ ಟೊಮ್ಯಾಟೊ ಸ್ಪಾಟೆಡ್ ವಿಲ್ಟ್ ವೈರಸ್ ಕಾಟ ಇದೆಯಲ್ಲ, ಅದನ್ನು ಹರಡುವುದೂ ಥ್ರಿಪ್ಸೇ. ಮರಿಯಾಗಿದ್ದಾಗ ವೈರಸ್ ಕುಡಿದದ್ದೇ ದೊಡ್ಡದಾದ ಮೇಲೆ ಹರಡುತ್ತದೆ, ದೊಡ್ಡದಾದ ಮೇಲೆ ಕುಡಿದರೆ ಹರಡುವುದಿಲ್ಲ ಅನ್ನುವುದನ್ನು ಧಾರವಾಡದಲ್ಲಿ ಎಂಎಸ್ಸಿ ಮೊದಲ ವರ್ಷ ಕ್ಲಾಸಿನಲ್ಲಿ ಕೇಳಿದಾಗಿನಿಂದ ಅದು ನನ್ನ ತಲೆಯಲ್ಲೇ ಕೂತಿದೆ. ಮರಿಯನ್ನು ತಡೆದರೆ ರೋಗವನ್ನೂ ತಡೆಯಬಹುದಲ್ಲ, ಹಾಗಾದರೆ ಯಾವ ವಾರ, ಯಾವ ಹಂತ, ಏನು ಮಾಡಬೇಕು? ಆ ಲ್ಯಾಬಿನವರು ಕೇಳುತ್ತಿರುವುದು ಇದೇ ಪ್ರಶ್ನೆ. ನಿಮ್ಮಲ್ಲಿ ಬಂದಿದ್ದರೆ ವಾರಕ್ಕೆ 20 ಗಂಟೆ ಮೊದಲ ವರ್ಷದ ಹುಡುಗರಿಗೆ ಜೀವಶಾಸ್ತ್ರದ ಪ್ರಾಕ್ಟಿಕಲ್ ಮಾಡಿಸಬೇಕಿತ್ತು. ಪಾಠ ಮಾಡುವುದು ನನಗೆ ಇಷ್ಟ, ಅದರ ಬಗ್ಗೆ ದೂರಿಲ್ಲ. ಆದರೆ ಥ್ರಿಪ್ಸ್‌ಗೆ ಉಳಿಯುತ್ತಿದ್ದದ್ದು ಸಂಜೆ ಮತ್ತು ಭಾನುವಾರ. ನಿಮ್ಮ ಗ್ರಾಂಟ್ ಬಂದಿದ್ದರೆ ಮಾತೇ ಬೇರೆ ಇತ್ತು, ನೀವೂ ಅದನ್ನು ಹೇಳಿದ್ದಿರಿ. ಬರಲಿಲ್ಲ, ಅದು ನಿಮ್ಮ ಕೈಯಲ್ಲೂ ಇರಲಿಲ್ಲ.

ಏಪ್ರಿಲ್ 15ರ ವಿಷಯ ನನಗೆ ಮೊದಲು ತಿಳಿಸಿಕೊಟ್ಟವರು ನೀವೇ. ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಒಪ್ಪಂದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಅಲ್ಲಿಯವರೆಗೆ ಉತ್ತರ ಕೊಡು ಅಂತ ಒತ್ತಾಯ ಮಾಡುವ ಹಾಗಿಲ್ಲ, ಅವಸರ ಮಾಡಬೇಡ ಅಂದಿದ್ದಿರಿ. ಇವತ್ತು 5ನೇ ತಾರೀಖು. ಇನ್ನೂ ಹತ್ತು ದಿನ ಇದೆಯಲ್ಲ, ವೀಸಾಗೆ ಏನಾದರೂ ಆದರೆ ಇದೊಂದು ಕೈಯಲ್ಲಿರಲಿ ಅಂತ ಗೆಳತಿಯೊಬ್ಬಳು ಹೇಳಿದಳು. ಹುಬ್ಬಳ್ಳಿ ಹಳೇ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು, ಆಮೇಲೆ ಬೇರೆ ಬಸ್ಸು ಹತ್ತಿ ಹೋಗುವವರಿರುತ್ತಾರಲ್ಲ, ಟವೆಲ್ ನೋಡಿ ಪಾಪ ಯಾರೋ ಹಾವೇರಿವರೆಗೂ ನಿಂತೇ ಬರುತ್ತಾರೆ. ನಿಮ್ಮ ವೇಟಿಂಗ್ ಲಿಸ್ಟಿನಲ್ಲಿ ಇಬ್ಬರಿದ್ದಾರೆ ಅಂದಿದ್ದಿರಿ. ಅವರಿಗೂ ಬೇರೆ ಕಡೆ ಉತ್ತರ ಕೊಡಬೇಕಾದ ತಾರೀಖು ಅದೇ 15.

ಹಾಗಾಗಿ ಈ ಪತ್ರ ಕಳಿಸಿದ ತಕ್ಷಣ ಪೋರ್ಟಲ್‌ನಲ್ಲಿ ಡಿಕ್ಲೈನ್ ಒತ್ತುತ್ತೇನೆ. ವಿಭಾಗದ ಆಫೀಸಿಗೂ ಗ್ರಾಜುಯೇಟ್ ಕೋಆರ್ಡಿನೇಟರ್ ಅವರಿಗೂ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಮೇಲ್ ಹೋಗುತ್ತದೆ, ನಿಮಗೂ ಕಾಪಿ ಇರುತ್ತದೆ. ಅದು ಒಣ ಒಣ ಅನಿಸಿದರೆ ಬೇಜಾರಾಗಬೇಡಿ, ಅದರಲ್ಲಿ ಅಜ್ಜನ ಮನೆ ಕಥೆ ಬರೆಯಲು ಆಗುವುದಿಲ್ಲವಲ್ಲ. ಐ-20 ಇನ್ನೂ ತರಿಸಿಕೊಂಡಿಲ್ಲ, ಸೆವಿಸ್ ಫೀ ಕಟ್ಟಿಲ್ಲ, ಆದ್ದರಿಂದ ನಿಮ್ಮ ಆಫೀಸಿನವರು ಏನನ್ನೂ ವಾಪಸ್ ಪಡೆಯುವ ತೊಂದರೆ ಇಲ್ಲ. ನನ್ನ ಜಾಗಕ್ಕೆ ಇವರನ್ನು ತಗೊಳ್ಳಿ ಅಂತ ಯಾರ ಹೆಸರನ್ನೂ ಹೇಳುವುದಿಲ್ಲ. ಬಿಟ್ಟು ಹೋಗುವವಳು ಮುಂದೆ ಯಾರು ಕೂರಬೇಕು ಅಂತ ಹೇಳುವುದು ಸರಿ ಕಾಣುವುದಿಲ್ಲ.

ನಮ್ಮ ಗೈಡ್ ಸರ್ ಬಗ್ಗೆ ಒಂದು ಮಾತು. ಇದರಲ್ಲಿ ಅವರದು ಏನೂ ಇಲ್ಲ. ಮೊನ್ನೆ ಕೃಷಿ ವಿಶ್ವವಿದ್ಯಾಲಯಕ್ಕೆ ಹೋಗಿ ಎರಡೂ ಪತ್ರ ಅವರ ಮುಂದಿಟ್ಟೆ. ಅವರು ಇಷ್ಟೇ ಅಂದದ್ದು: "ಯಾವುದ್ಕ ಹೋಗ್ತಿಯೋ ಹೋಗು, ಆದ್ರ ಅವರಿಗೆ ನೀನ ಬರಿ, ನನ್ನ ಕಡೆಯಿಂದ ಹೇಳಸಬ್ಯಾಡ." ಶಿಫಾರಸು ಪತ್ರದಲ್ಲಿ ಅವರು ನನ್ನ ಬಗ್ಗೆ ಬರೆದದ್ದನ್ನು ನಂಬಿ ನೀವು ಕಮಿಟಿಯಲ್ಲಿ ವಾದ ಮಾಡಿದ್ದೀರಿ. ಮುಂದಿನ ವರ್ಷ ಅವರ ಇನ್ನೊಬ್ಬ ವಿದ್ಯಾರ್ಥಿ ಅರ್ಜಿ ಹಾಕಿದಾಗ ನನ್ನ ನೆನಪು ಅಡ್ಡ ಬರಬಾರದು ಅಂತ ಕೇಳಿಕೊಳ್ಳುತ್ತೇನೆ.

ಟ್ರ್ಯಾಪ್ ಕೆಲಸ ನಾನು ಬಿಟ್ಟಿಲ್ಲ. ನಿಮಗಾಗಿ ಬ್ಯಾಡಗಿ ಸುತ್ತ ಆರು ಹೊಲಗಳಲ್ಲಿ ಕಟ್ಟಿದ ನೀಲಿ ಅಂಟು ಹಾಳೆಗಳ ಎಣಿಕೆ ಕಟಾವು ಮುಗಿಯುವವರೆಗೂ ಮಾಡಿದ್ದೇನೆ. ಎರಡು ಹೊಲದವು ಗಾಳಿಗೆ ಹರಿದುಹೋದವು, ಆ ವಾರಗಳನ್ನು ಖಾಲಿ ಬಿಟ್ಟಿದ್ದೇನೆ, ಅಂದಾಜಿನಿಂದ ತುಂಬಿಲ್ಲ. ಎಕ್ಸೆಲ್ ಫೈಲು, ಫೋಟೋಗಳು, ರೈತರು ಯಾವ ದಿನ ಯಾವ ಎಣ್ಣೆ ಹೊಡೆದರು ಅನ್ನುವ ಪಟ್ಟಿ, ಎಲ್ಲ ಈ ತಿಂಗಳು 20ರೊಳಗೆ ಡ್ರೈವ್‌ಗೆ ಹಾಕುತ್ತೇನೆ. ಹುಳದ ಸ್ಯಾಂಪಲ್ ಮಾತ್ರ ಪರ್ಮಿಟ್ ಇಲ್ಲದೆ ಕಳಿಸುವುದಿಲ್ಲ, ಅವು ಇಲ್ಲಿನ ವಿಭಾಗದಲ್ಲೇ ಆಲ್ಕೋಹಾಲಿನಲ್ಲಿವೆ, ಬಾಟಲಿಗಳ ಮೇಲೆ ಹೊಲದ ನಂಬರ್ ಬರೆದಿದೆ. ಆ ಡೇಟಾ ನಿಮ್ಮದು. ಅದರಿಂದ ಪೇಪರ್ ಆದರೆ ನನ್ನ ಹೆಸರು ಇರಬೇಕೋ ಬೇಡವೋ ಅನ್ನುವುದೂ ನಿಮಗೆ ಬಿಟ್ಟದ್ದು. ಇದ್ದರೆ ಖುಷಿ, ಅದನ್ನು ಮುಚ್ಚಿಡುವುದಿಲ್ಲ. ಹೊಸ ಗೈಡ್‌ಗೂ ನಿಮ್ಮ ಜೊತೆ ಈ ಕೆಲಸ ಮಾಡಿದ್ದು ಗೊತ್ತು, ಇಂಟರ್ವ್ಯೂನಲ್ಲೇ ಹೇಳಿದ್ದೆ.

ಅವ್ವನಿಗೆ ನಿನ್ನೆ ಹೇಳಿದೆ. ಜಾರ್ಜಿಯಾ ಎಲ್ಲಿ, ಚಳಿ ಎಷ್ಟು ಅಂತ ಏನೂ ಕೇಳಲಿಲ್ಲ. "ಆ ಗದಗ ಸರ್ ಬ್ಯಾಸರಾ ಮಾಡ್ಕೊಂಡ್ರೇನ?" ಅಂದಳು. ನೀವು ಹೊಲಕ್ಕೆ ಬಂದ ದಿನ ಬದುವಿನ ಮೇಲೆ ಕೂತು ಮೂರು ರೊಟ್ಟಿ ತಿಂದು ನಾಲ್ಕನೆಯದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದದ್ದು ಅವಳಿಗೆ ಇನ್ನೂ ಮರೆತಿಲ್ಲ. ಇನ್ನೂ ಬರೆದಿಲ್ಲ ಅಂದದ್ದಕ್ಕೆ ಬೈದಳು.

ಬೇಜಾರಾಗಿದ್ದರೆ ಬೈದು ಬರೆಯಿರಿ ಸರ್, ಸುಮ್ಮನಿರಬೇಡಿ. ಫೋನ್ ಮಾಡುವುದಾದರೆ ಶನಿವಾರ ನಮ್ಮ ಸಂಜೆ ಏಳರ ಮೇಲೆ ಮನೆಯಲ್ಲೇ ಇರುತ್ತೇನೆ, ನಿಮಗದು ಬೆಳಗಿನ ಹೊತ್ತು. ನಿಮಗೆ ಬೇಕಾದ ಶೇಂಗಾ ಚಟ್ನಿಪುಡಿ ನಾನು ಆಗಸ್ಟ್‌ನಲ್ಲಿ ಬರುವಾಗ ತರುತ್ತೇನೆ, ಅಲ್ಲಿಂದ ನಿಮ್ಮ ಊರಿಗೆ ಕೊರಿಯರ್ ಮಾಡುತ್ತೇನೆ. ಖಾರ ಜಾಸ್ತಿ ಇರಲೋ ಕಡಿಮೆಯೋ ಅಂತ ಅವ್ವ ಕೇಳುತ್ತಿದ್ದಾಳೆ, ಅದಕ್ಕೂ ಉತ್ತರ ಬರೆಯಿರಿ.

ನಿಮ್ಮ ವಿದ್ಯಾರ್ಥಿನಿ,
ನೇತ್ರಾ
ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ
ಏಪ್ರಿಲ್ 5