ಕ್ಯಾಲ್ಕ್ಯುಲಸ್ ಮಿಡ್‌ಟರ್ಮ್ ಬಗ್ಗೆ ಮೇಡಂಗೆ ಪತ್ರ

ಮೇಡಂ, ನಮಸ್ಕಾರ.

ಮಿಡ್‌ಟರ್ಮ್‌ನಲ್ಲಿ ನನಗೆ 50ಕ್ಕೆ 14 ಬಂದು ಫೇಲಾಗಿದ್ದೇನೆ. ಮಾರ್ಕ್ಸ್ ಹೆಚ್ಚಿಸಿ ಎಂದು ಕೇಳಲು ಬರೆಯುತ್ತಿಲ್ಲ; ಸ್ವಲ್ಪ ಹೇಳಿಸಿಕೊಳ್ಳಬೇಕಿದೆ.

sin(x²) ಥರದ್ದನ್ನು ಚೈನ್ ರೂಲ್ ಹಾಕಿ ಮಾಡಿಬಿಡುತ್ತೇನೆ. ಲೆಕ್ಕ ವಾಕ್ಯದಲ್ಲಿ ಬಂದರೆ ಮಾತ್ರ ಕೈ ಓಡುವುದಿಲ್ಲ. ಗೋಡೆಗೆ ಒರಗಿಸಿದ 5 ಮೀಟರ್ ಏಣಿ ಜಾರುವ ಪ್ರಶ್ನೆಯಲ್ಲಿ x² + y² = 25 ತನಕ ಸರಿಯಾಗಿಯೇ ಬರೆದಿದ್ದೆ. ಡಿಫರೆನ್ಷಿಯೇಟ್ ಮಾಡುವ ಮೊದಲೇ x = 4 ಹಾಕಿದ್ದರಿಂದ dx/dt ಮಾಯವಾಯಿತು. ನೀವು ಕೆಂಪು ಗೆರೆ ಎಳೆದದ್ದೂ ಅಲ್ಲೇ. ಬೆಲೆ ಕೊನೆಗೆ ಹಾಕಬೇಕೆಂದು ಈಗ ಗೊತ್ತು, ಏಕೆ ಎಂಬುದು ಇನ್ನೂ ಪೂರ್ತಿ ತಲೆಗೆ ಹತ್ತಿಲ್ಲ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ಪ್ರಶ್ನೆಯಲ್ಲಿ ಯಾವುದು ಬದಲಾಗುತ್ತಿದೆ, ಯಾವುದು ಹಾಗೇ ಇದೆ ಎಂದು ಗುರುತಿಸುವಷ್ಟರಲ್ಲಿ ಟೈಮ್ ಆಗಿಬಿಡುತ್ತದೆ.

ಮಂಗಳವಾರ, ಗುರುವಾರ ನಮ್ಮ ಲ್ಯಾಬ್ 4 ಗಂಟೆಗೆ ಮುಗಿಯುತ್ತದೆ. ಊರಿನ ಬಸ್ಸು 5:15ಕ್ಕೆ. ಆ ನಡುವೆ ಅರ್ಧ ಗಂಟೆ ಸ್ಟಾಫ್ ರೂಮಿಗೆ ಬರಬಹುದೇ? ಲೆಕ್ಕ ಬಿಡಿಸಿಕೊಂಡೇ ಬರುತ್ತೇನೆ, ತಪ್ಪಿದ ಕಡೆ ತೋರಿಸಿದರೆ ಸಾಕು. ಇಂಟಿಗ್ರೇಷನ್ ಶುರುವಾಗುವ ಮೊದಲು ಇದೊಂದು ಸರಿಯಾಗಬೇಕು ಮೇಡಂ. ನಿಮಗೆ ಬೇರೆ ದಿನ ಅನುಕೂಲವಾದರೂ ಸರಿ, ಹೇಳಿ.

ನಿಮ್ಮ ವಿದ್ಯಾರ್ಥಿನಿ,
ಸುಮಾ
ಬಿಎಸ್ಸಿ, ಎರಡನೇ ಸೆಮಿಸ್ಟರ್