ರೇವಣಗ ಕಳಿಸೋ ಮೆಸೇಜ್, ತಿದ್ದಿದ್ದು

ಶಿವು,

ನಿನ್ನ ಮೆಸೇಜ್ ತಿದ್ದೀನಿ. ಸಿಟ್ಟಿಗೆ ಬರಬ್ಯಾಡ, ಅರ್ಧಕ್ಕಿಂತ ಜಾಸ್ತಿ ಹೊಡದು ಹಾಕೀನಿ.

‘ನನ್ನಿಂದ ಏನರೆ ತಪ್ಪಾಗಿದ್ರ ಕ್ಷಮಿಸು’ ಅಂತ ಬರ್ದಿದ್ದಿ. ಏನರೆ ಅಂದ್ರ ಏನು? ಏನು ಮಾಡ್ದಿ ಅಂತ ನಿನಗೂ ಗೊತ್ತು, ಅವನಿಗೂ ಗೊತ್ತು. ಅದನ್ನೇ ಬರಿ.

ತೊಗರಿಗೆ ನೆಟೆ ರೋಗ ಬಿದ್ದ ಕತಿ ಪೂರಾ ತೆಗ್ದೀನಿ. ಖರೇ ಅದ, 2022ರಾಗ ನಿನ್ನ ಕೈ ಖಾಲಿ ಇತ್ತು. ಆದ್ರ ಅವನ ಹೊಲನೂ ನಿಂತಲ್ಲೇ ಒಣಗಿತ್ತಲ್ಲೋ! ಅದಕ್ಕೇ ಅವನಿಗೆ ನಿನ್ನ ರೊಕ್ಕ ತಿರುಗಿ ಕೊಡ್ಲಾಕ ಆಗಿರ್ಲಿಲ್ಲ.

‘ಆದ್ರ ನೀನೂ ಅಪ್ಪ ದವಾಖಾನ್ಯಾಗ ಇದ್ದಾಗ ಬರ್ಲಿಲ್ಲ’ ಅನ್ನೋದು ಈಗ ಬ್ಯಾಡ. ಮುಂದೊಮ್ಮೆ ಎದುರಾ ಬದುರಾ ಕುಂತಾಗ ಕೇಳು. ಇದ್ರಾಗ ಸೇರಿಸಿದ್ರ ನೀ ಕ್ಷಮಾ ಕೇಳ್ಲಾಕತ್ತಿಯೋ ಲೆಕ್ಕ ಕೇಳ್ಲಾಕತ್ತಿಯೋ ತಿಳಿಯಂಗಿಲ್ಲ. ‘ರೊಕ್ಕ ಬಿಟ್ಟುಬಿಟ್ಟೀನಿ’ ಅಂದದ್ದೂ ತೆಗ್ದೀನಿ. ರೇವಣ ಸ್ವಾಭಿಮಾನಿ, ದಾನ ಹಾಕಿದಂಗ ಕಾಣ್ತದ ಅವನಿಗೆ. ಇನ್ನ ‘ಜವಾಬ್ ಬರ್ಲಿಲ್ಲಂದ್ರ ದೋಸ್ತಿ ಮುಗೀತು ಅಂತ ತಿಳೀತೀನಿ’, ಇದು ಧಮಕಿ.

ಇಷ್ಟು ಕಳಸು:

ರೇವಣ,

ನಿನ್ನ ತಂಗಿ ಮದುವ್ಯಾಗ, ಊಟದ ಪಂಕ್ತ್ಯಾಗ, ಬೀಗರ ಎದುರಿಗಿ ನಾನು ನಿನಗ ರೊಕ್ಕ ಕೇಳ್ದೆ. ತಪ್ಪು ಮಾಡ್ದೆ. ನೀ ಹುಗ್ಗಿ ಬಕೀಟು ಅಲ್ಲೇ ಕೆಳಗಿಟ್ಟು ಹೊರಗ ಹೋದದ್ದು ಕಂಡಿತ್ತು, ಆದ್ರೂ ನಾ ಎದ್ದು ಬರ್ಲಿಲ್ಲ. ಆಮ್ಯಾಲ ಆಳಂದದಾಗ ಸಿಕ್ಕವರ ಮುಂದೆಲ್ಲ ನಂದೇ ಖರೇ ಅಂತ ಹೇಳ್ಕೋತ ತಿರುಗಿದೆ. ಅದೂ ತಪ್ಪು. ನಿನ್ನ ಮಾನ ಹೋಯ್ತು, ನಿಮ್ಮವ್ವಗ ನೋವಾಯ್ತು, ಎಲ್ಲಾ ನನ್ನಿಂದ. ಕ್ಷಮಿಸು.

ರೊಕ್ಕದ್ದು ನಿನಗ ಯಾವಾಗ ಆಗ್ತದೋ ಆವಾಗ. ಅದಕ್ಕಂತ ಬರ್ದಿದ್ದಲ್ಲ ಇದು.

ಜವಾಬ್ ಈಗೇ ಕೊಡ್ಬೇಕಂತಿಲ್ಲ. ಎಳ್ಳಮಾಸಿಗಿ ಹೊಲದಾಗ ಚರಗ ಚೆಲ್ಲಿ ಎಲ್ಲರೂ ಭಜ್ಜಿ, ಸಜ್ಜಿ ರೊಟ್ಟಿ ಊಟಕ್ಕ ಕೂಡ್ತೀವಿ, ನಿನಗ ಗೊತ್ತೇ ಅದ. ಮನಸಾದ್ರ ಬಾ. ಈ ವರ್ಷ ಆಗಂಗಿಲ್ಲಂದ್ರ ಮುಂದಿನ ವರ್ಷ ಬಾ.

ಶಿವು

ಇದನ್ನ ವಾಯ್ಸ್ ಮೆಸೇಜ್ ಮಾಡಬ್ಯಾಡ, ನಿನ್ನ ದನಿ ಕೇಳಿದ್ರ ಜಗಳ ತೆಗದಂಗೇ ಇರ್ತದ. ಮುಂಜಾನಿ ಗಂಜಿನಾಗ ಸವಾಲು ನಡದಾಗಂತೂ ಬ್ಯಾಡ, ಅಂಗಡ್ಯಾಗ ಹತ್ತು ಮಂದಿ ಇರ್ತಾರ. ಸಂಜಿಗಿ ಕಳಸು. ನೀಲಿ ಗೆರಿ ಬಿದ್ದ ಕೂಡ್ಲೆ ಫೋನ್ ಹಚ್ಚಬ್ಯಾಡ ಮತ್ತ.

ಅಕ್ಕ