ಸಾವಿರ ಜನ ಆಗಿಬಿಟ್ಟಿರಿ, ಥ್ಯಾಂಕ್ಸ್!

ನಿನ್ನೆ ರಾತ್ರಿ ಮಲಗುವಾಗ ನಮ್ಮ ಯೂಟ್ಯೂಬ್ ಚಾನೆಲ್‌ಗೆ ಸಬ್‌ಸ್ಕ್ರೈಬರ್ಸ್ 997 ಇತ್ತು. ಬೆಳಿಗ್ಗೆ ಎದ್ದು ನೋಡಿದರೆ 1,004. ರಾತ್ರಿ ಎದ್ದು ಆಕಾಶ ನೋಡಿ ಅಂತ ಊರಿಗೆಲ್ಲ ಹೇಳುವ ನಾನು, ಸಾವಿರ ದಾಟುವ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದೆ!

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 14 ತಿಂಗಳು, 31 ವಿಡಿಯೊ. ಶುರುವಿನಲ್ಲಿ ಒಂದೊಂದನ್ನೂ ನಲವತ್ತು ಜನ ನೋಡಿದರೆ ಹೆಚ್ಚು, ಅದರಲ್ಲೂ ಅರ್ಧ ನಮ್ಮ ಅಕ್ಕನೇ ಇರಬೇಕು ಅಂತ ನನ್ನ ಗುಮಾನಿ.

ತಪ್ಪು ಹಿಡಿದವರಿಗೆ ಇನ್ನೊಂದು ಥ್ಯಾಂಕ್ಸ್ ಜಾಸ್ತಿ. ನಕ್ಷತ್ರಗಳ ನಕ್ಷೆ ಓದುವ ವಿಡಿಯೊದಲ್ಲಿ ಪೂರ್ವ ಬಲಕ್ಕೆ, ಪಶ್ಚಿಮ ಎಡಕ್ಕೆ ಅಂತ ಧೈರ್ಯವಾಗಿ ಹೇಳಿಬಿಟ್ಟಿದ್ದೆ. ನೆಲದ ಮ್ಯಾಪ್ ಹಾಗೇ ತಾನೇ? ಆದರೆ ಆಕಾಶದ ನಕ್ಷೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ಕೆಳಗಿನಿಂದ ನೋಡಬೇಕು, ಉತ್ತರ ಮೇಲಿದ್ದರೆ ಪೂರ್ವ ಎಡಕ್ಕೆ ಬರುತ್ತದೆ. ಒಬ್ಬರು ಚಿತ್ರ ಬರೆದು ಕಳಿಸಿ ತಿದ್ದಿದರು. ಆ ವಿಡಿಯೊವನ್ನು ಮತ್ತೆ ಮಾಡುತ್ತಿದ್ದೇನೆ, ಮುಂದಿನ ಭಾನುವಾರ ಬರುತ್ತದೆ. ಹಳೆಯದನ್ನೂ ತೆಗೆಯುವುದಿಲ್ಲ, ಇರಲಿ, ನಗೋಕಾದರೂ ಆಗುತ್ತೆ.

ಆಮೇಲೆ ಗುರು ಗ್ರಹ. 17 ರಾತ್ರಿ ಬಿಡದೆ, ಅದೇ ನನ್ನ ಹಳೆಯ 10x50 ಬೈನಾಕ್ಯುಲರ್‌ನಲ್ಲಿ ನೋಡಿ, ಅದರ ನಾಲ್ಕು ದೊಡ್ಡ ಚಂದ್ರರು ಎಲ್ಲೆಲ್ಲಿದ್ದಾರೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತೇನೆ. 17 ಯಾಕೆ ಅಂದರೆ, ಆ ನಾಲ್ಕರಲ್ಲಿ ಕ್ಯಾಲಿಸ್ಟೊಗೆ ಗುರುವಿಗೆ ಒಂದು ಸುತ್ತು ಹಾಕೋಕೆ ಹೆಚ್ಚುಕಡಿಮೆ ಅಷ್ಟು ದಿನ ಬೇಕು. ಇನ್ನೊಂದು ಚಂದ್ರ ಅಯೋ ಎರಡು ದಿನದೊಳಗೇ ಮುಗಿಸುತ್ತದೆ. ಗೆಲಿಲಿಯೊ 1610ರಲ್ಲಿ ಮಾಡಿದ್ದೂ ಹೀಗೇ, ರಾತ್ರಿ ರಾತ್ರಿ ಚುಕ್ಕಿ ಹಾಕುವ ಕೆಲಸ. ಬೈನಾಕ್ಯುಲರ್ ಕೈಯಲ್ಲಿ ಹಿಡಿದರೆ ಅಲುಗಾಡುತ್ತದೆ, ಗೋಡೆಗೆ ಒರಗಿಸಿಕೊಳ್ಳಿ, ನೀವೂ ಜೊತೆಗೆ ಬರೆಯಿರಿ.

ನಿಮ್ಮಲ್ಲಿ ತುಂಬಾ ಜನ ಕೇಳಿದ್ದು, ಏನೂ ಉಪಕರಣ ಇಲ್ಲದವರು ಏನು ನೋಡಬೇಕು ಅಂತ. ಅವರಿಗಾಗಿ ಆಲ್ಗಾಲ್ ಲೈವ್. ಅದು ಬರಿಗಣ್ಣಿಗೇ ಕಾಣುವ ನಕ್ಷತ್ರ, ಪರ್ಸಿಯಸ್ ಪುಂಜದಲ್ಲಿದೆ. ಅದರ ಮಂಕು ಜೊತೆಗಾರ ನಕ್ಷತ್ರ ಅಡ್ಡ ಬಂದಾಗ ಬೆಳಕು ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಯುತ್ತದೆ. ಇಳಿಯೋಕೆ ಸುಮಾರು ಐದು ಗಂಟೆ, ಏರೋಕೆ ಐದು ಗಂಟೆ. ಪೂರ್ತಿ ಲೈವ್ ಮಾಡಿದರೆ ನೀವೆಲ್ಲ ಓಡಿಹೋಗುತ್ತೀರಿ, ಅದಕ್ಕೆ ಗಂಟೆಗೊಮ್ಮೆ ಹತ್ತು ನಿಮಿಷ ಬರುತ್ತೇನೆ.

ದುಡ್ಡಿನ ವಿಷಯ ಕೇಳಿದವರಿಗೆ: ಇನ್ನೂ ಏನೂ ಬಂದಿಲ್ಲ. ಜಾಹೀರಾತಿನ ಪಾಲು ಸಿಗಬೇಕಾದರೆ ಸಾವಿರ ಜನರ ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ಜನ ನೋಡಿರಬೇಕು, ನನ್ನದು 1,700 ಆಗಿದೆ ಅಷ್ಟೇ. ಹಾಗಂತ ವಿಡಿಯೊಗಳನ್ನು ಸುಮ್ನೆ ಎಳೆಯುವುದಿಲ್ಲ. ನಾನೇ ಬಳಸದ ಟೆಲಿಸ್ಕೋಪನ್ನು ಕೊಳ್ಳಿ ಅಂತಲೂ ಹೇಳುವುದಿಲ್ಲ. ಮತ್ತೆ, ಹಳೆಯ 31ಕ್ಕೂ ಕನ್ನಡ ಸಬ್‌ಟೈಟಲ್ ಹಾಕುತ್ತೇನೆ, ವಾರಕ್ಕೆ ಎರಡರಂತೆ.

ಆಲ್ಗಾಲ್ ಲೈವ್ ದಿನ ಮೋಡ ಬಂದರೆ? 2 ದಿನ 20 ಗಂಟೆ 49 ನಿಮಿಷ ಬಿಟ್ಟು ಮತ್ತೆ ಮಂಕಾಗುತ್ತದೆ. ಅದು ಹಗಲಿಗೆ ಬಿದ್ದರೆ ಅದರ ಮುಂದಿನದಕ್ಕೆ ಸೇರೋಣ.